ಎರಡು ಪುಟದ ಲೇಖನ: ಶೀರ್ಷಿಕೆ ಮಡಿಕೆಗೆ ಸಿಕ್ಕಿಕೊಂಡಿದೆ

ಪ್ರಶ್ನೆ (ತೀರ್ಥಹಳ್ಳಿ): 48 ಪುಟದ ಪತ್ರಿಕೆ, ನಡುವೆ ಪಿನ್ ಹೊಡೆಯೋದು. 18-19ನೇ ಪುಟದಲ್ಲಿ ಅಡಿಕೆ ಸುಲಿಯುವವರ ಕುರಿತ ಲೇಖನ. ಶೀರ್ಷಿಕೆ ‘ಮೆಟ್ಟುಗತ್ತಿ ಮೇಲೆ ನಿದ್ದೆಗೆಟ್ಟ ಇರುಳು’, ಎರಡೂ ಪುಟಕ್ಕೆ ಹರಡಿದೆ. ಮಡಿಕೆ ‘ನಿ’ ಮೇಲೆ ಬಿದ್ದಿದೆ. ಒಳಗಿನ ಉದ್ಧರಣೆ, ಚಿತ್ರಶೀರ್ಷಿಕೆನೂ ಸಪ್ಪೆ ಅನ್ಸ್ತಿದೆ. ಏನ್ ಮಾಡ್ಲಿ?

ಪುಟವಿನ್ಯಾಸಕ, ಶಿವಮೊಗ್ಗ: ‘ನಿ’ ಅಲ್ಲಿರಬಾರದು. ನಿಮ್ಮ ಸಂಚಿಕೆಯಲ್ಲಿ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಚ್ಚಾಗೋದು 24-25 ಮಾತ್ರ. 18 ಮತ್ತು 19 ಬೇರೆಬೇರೆ ಹಾಳೆಯಿಂದ ಬಂದು ಪಿನ್ ಹತ್ತಿರ ಸೇರ್ತವೆ, ಮಡಚುವಾಗ ಒಂದೆರಡು ಮಿಲಿಮೀಟರ್ ಏರುಪೇರು ಆಗೇ ಆಗುತ್ತೆ. ಕಂಪ್ಯೂಟರಿನಲ್ಲಿ ಕಾಣಲ್ಲ, ಅಚ್ಚಾದ ಮೇಲೆ ಅಕ್ಷರದ ಒಂದು ಹೋಳು ಮೇಲೆ, ಇನ್ನೊಂದು ಕೆಳಗೆ. ‘ಮೇಲೆ’ ಎಡಕ್ಕೆ ಮುಗಿಯಲಿ, ‘ನಿದ್ದೆಗೆಟ್ಟ’ ಬಲಕ್ಕೆ ಶುರುವಾಗಲಿ. ಮಡಿಕೆಯ ಎರಡೂ ಕಡೆ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ.

ಸಾಗರದ ಓದುಗ: ಅಷ್ಟೆಲ್ಲ ಯಾಕೆ? ಎಡಪುಟದಲ್ಲೇ ಎರಡು ಸಾಲು ಮಾಡಿದ್ರಾಯ್ತು.

ಪುಟವಿನ್ಯಾಸಕ: ಮಾಡಬಹುದು, ನನಗೂ ಅದೇ ಇಷ್ಟ. ಆದ್ರೆ ಸಾಲಿನ ಅಂತರ ಸಾಫ್ಟ್‌ವೇರಿಗೆ ಬಿಡಬೇಡಿ. ಅದು ಇಂಗ್ಲಿಷಿನ ಲೆಕ್ಕದಲ್ಲಿ 60 ಪಾಯಿಂಟ್ ಅಕ್ಷರಕ್ಕೆ 72 ಇಡುತ್ತೆ. ‘ಟ್ಟು’ವಿನ ಒತ್ತು ಕೆಳಸಾಲಿನ ‘ನಿ’ಯ ಗುಡಿಸಿಗೆ ತಾಗುತ್ತೆ. 80ರಿಂದ ಶುರುಮಾಡಿ, ಫಾಂಟ್ ನೋಡಿ ಹೆಚ್ಚುಕಡಿಮೆ ಮಾಡ್ಕೊಳ್ಳಿ.

ಸ್ಮರಣ ಸಂಚಿಕೆ ಮಾಡಿದವರು: ನಮ್ಮ ಸಂಘದ ಸಂಚಿಕೆಯಲ್ಲಿ ಅಧ್ಯಕ್ಷರ ಮುಖವೇ ಮಡಿಕೆಯಲ್ಲಿ ಹೋಯ್ತು ಮಾರಾಯ್ರೆ! ಪ್ರೆಸ್ಸಿನವರ ಹತ್ರ ದುಡ್ಡು ವಾಪಸ್ ಕೇಳಬಹುದಾ?

ಪುಟವಿನ್ಯಾಸಕ: ಫೈಲಿನಲ್ಲೇ ಮುಖ ನಡುವಿಗಿದ್ರೆ ಪ್ರೆಸ್ಸಿನವರೇನು ಮಾಡ್ತಾರೆ?

ಇನ್ನು ಉದ್ಧರಣೆ. ನೀವು ಹಾಕಿದ ‘ಅಡಿಕೆ ಸುಲಿಯುವುದು ಕಷ್ಟದ ಕೆಲಸ’ ಯಾರು ಬೇಕಾದ್ರೂ ಹೇಳೋ ಮಾತು. ನಿಮ್ಮ ಬರಹದ ಕೊನೆಯಲ್ಲಿ ಒಬ್ಬ ಅಮ್ಮ ಹೇಳ್ತಾರಲ್ಲ, ‘ಕೈ ಕಪ್ಪಾಗಿದ್ದು ಮದುವೆ ಆದ ವರ್ಷ, ಮತ್ತೆ ಬಿಳಿ ಆಗ್ಲೇ ಇಲ್ಲ’ ಅಂತ. ಅದನ್ನೇ ಉದ್ಧರಣೆ ಮಾಡಿ. ಆ ಮಾತು ಬರೋದು 19ರ ಕೆಳಗೆ, ಉದ್ಧರಣೆ 18ರಲ್ಲಿ ಇಡಿ. ಪಕ್ಕದ ಕಾಲಮ್ಮಿನಲ್ಲೇ ಅದೇ ವಾಕ್ಯ ಸಿಕ್ಕಿದ್ರೆ ಓದುಗರಿಗೆ ತಪ್ಪಿ ಎರಡು ಸಲ ಅಚ್ಚಾದಂಗೆ ಕಾಣುತ್ತೆ.

ಸಾಗರದ ಓದುಗ: ‘ಆಗ್ಲೇ ಇಲ್ಲ’ ಅನ್ನೋದನ್ನ ‘ಆಗಲೇ ಇಲ್ಲ’ ಅಂತ ತಿದ್ದಬೇಕಲ್ವಾ?

ಪುಟವಿನ್ಯಾಸಕ: ನಾನಾದ್ರೆ ತಿದ್ದಲ್ಲ. ಒಳಗಿನ ಬರಹದಲ್ಲಿ ಹೇಗಿದೆಯೋ ಉದ್ಧರಣೆಯಲ್ಲೂ ಹಾಗೇ ಇರಬೇಕು. ಎರಡು ಕಡೆ ಎರಡು ಥರ ಆದ್ರೆ ಕೆಟ್ಟದ್ದು.

ಪ್ರಶ್ನೆ ಕೇಳಿದವರು: ಸಂಪಾದಕರು ಗ್ರಾಂಥಿಕವೇ ಬೇಕು ಅಂತಾರೆ ಸರ್, ಮಾತಾಡ್ತೀನಿ. ಚಿತ್ರದ ಕೆಳಗೆ ‘ಅಡಿಕೆ ಸುಲಿಯುತ್ತಿರುವ ಮಹಿಳೆ’ ಅಂತಿದೆ.

ಪುಟವಿನ್ಯಾಸಕ: ಅದು ಚಿತ್ರದಲ್ಲೇ ಕಾಣುತ್ತಲ್ಲ. ಕಾಣದ್ದು ಬರೀರಿ: ‘ಮಣೆಯ ಮೇಲೆ ಕೂತರೆ ಕತ್ತಿ ಅಲುಗಾಡದು, ಎರಡೂ ಕೈ ಕಾಯಿಗೇ. ಬೇಯಿಸುವ ಹಂಡೆ ಬೆಳಿಗ್ಗೆಗೆ ಕಾಯುತ್ತಿದೆ.’ ಆಮೇಲೆ ಅವರ ಹೆಸರು, ಊರು, ತಿಂಗಳು. ಹಂಡೆ ಬೆಳಿಗ್ಗೆಯೇ ಇಡ್ತಾರಾ ಅಂತ ಮಾತ್ರ ಅವರನ್ನೇ ಕೇಳಿಕೊಳ್ಳಿ, ನಮ್ಮಮ್ಮನ ಮನೆ ಪದ್ಧತಿ ನೆನಪಿಟ್ಟು ಬರೆದಿದ್ದು ನಾನು.