ತೇಲುವ ದ್ವೀಪದ ಕೊಲಾಜ್: ಎಲ್ಲ ಫೋಟೊಗೂ ಒಂದೇ ಹವೆ ತರೋದು ಹೇಗೆ?

ಕೊಡೆ ಮರೆತವಳು: ಮೇಲೆ ಮಾಂದಲ್‌ಪಟ್ಟಿ ಹುಲ್ಲು, ಅಡಿಗೆ ತಲೆಕೆಳಗಾಗಿ ಯಾಣದ ಬಂಡೆ, ಅಂಚಿಂದ ಜೋಗದ ನೀರು, ಹಿಂದೆ ಬೆಳಗಿನ ಮೋಡ. ನಾಲ್ಕೂ ನಾನೇ ತೆಗೆದದ್ದು. ಜೋಡಿಸಿದ್ರೆ ಕತ್ತರಿಸಿ ಅಂಟಿಸಿದ ಹಾಗೇ ಕಾಣತ್ತೆ. ಮಾಡಿದವರು ಅನುಭವ ಹೇಳಿ.

ಗುಡ್ಡದ ಗಾಳಿ: ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ನಾನು 2,499 ರೂಪಾಯಿ ಕೊಟ್ಟು ಕಲರ್ ಲುಕಪ್ ಪ್ಯಾಕ್ ತಗೊಂಡೆ. ಎಲ್ಲ ಲೇಯರ್‌ಗಳ ಮೇಲೆ ಒಂದೇ ಸಲ ಹಾಕಿ, ಕೀಲು ಕಂಡ ಕಡೆ ಬಿಳಿ ಬ್ರಶ್‌ನಲ್ಲಿ ಮಂಜು ಬಳಿದೆ. ಒಂದು ಸಂಜೆಯ ಕೆಲಸ. ಈಗಲೂ ಅದೇ ನನ್ನ ಫೋನಿನ ವಾಲ್‌ಪೇಪರ್.

ಬಂಡೆಪ್ರಿಯ: ಮೇಲಿಂದ ಬಳಿದರೆ ಬಣ್ಣ ಒಂದಾಗತ್ತೆ, ಗಾಳಿ ಒಂದಾಗಲ್ಲ. ನನ್ನದು ಕೆಮ್ಮಣ್ಣುಗುಂಡಿ ಹುಲ್ಲು, ಯಾಣದ ಬಂಡೆ. ಹುಲ್ಲು ಮಂಜಲ್ಲಿ ತೆಗೆದದ್ದು. ಅದರ ಅತಿ ಕಪ್ಪು ಜಾಗವೂ ಲೆವೆಲ್ಸ್‌ನಲ್ಲಿ 60ರ ಹತ್ತಿರ ಇತ್ತು. ಬಂಡೆ ಬಿಸಿಲಲ್ಲಿ ತೆಗೆದದ್ದು, ಬಿರುಕುಗಳು 5ಕ್ಕೆ ಇಳಿದಿದ್ದವು. ಮಂಜಿನ ಆಚೆಗಿರೋ ಯಾವುದೂ ಅಷ್ಟು ಕಪ್ಪಿರಲ್ಲ. ಬಂಡೆಗೆ ಮಾತ್ರ ಕ್ಲಿಪ್ ಮಾಡಿದ ಕರ್ವ್ಸ್‌ನಲ್ಲಿ ಎಡಗಡೆಯ ಕೆಳತುದಿಯನ್ನ 0ಯಿಂದ 55ಕ್ಕೆ ಎತ್ತಿದೆ, ನೀಲಿ ಚಾನೆಲ್‌ನಲ್ಲಿ ಇನ್ನೊಂಚೂರು. ಆಗ ಎರಡೂ ಒಂದೇ ಹವೆಗೆ ಬಂದವು. ಬಣ್ಣದ ಲೇಯರ್ ಅದಾದ ಮೇಲೆ. ಎಲ್ಲದರ ಮೇಲೆ ಕಪ್ಪು-ಬಿಳುಪು ಲೇಯರ್ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ, ಎದ್ದು ಕಾಣೋ ತುಂಡೇ ಕಳ್ಳ.

ಬಂಡೆ ತಿರುಗಿಸಿದ್ರೆ ಬೆಳಕೂ ತಿರುಗತ್ತೆ. ಬಿಸಿಲು ಬಿದ್ದ ಅಂಚುಗಳೆಲ್ಲ ಈಗ ಕೆಳಮುಖ. ಮೋಡ ಕವಿದ ದಿನ ತೆಗೆದರೂ ಈ ತೊಂದರೆ ಪೂರ್ತಿ ತಪ್ಪಲ್ಲ, ಆಗಲೂ ಬೆಳಕು ಮೇಲಿಂದಲೇ ತಾನೆ. 50% ಬೂದು ಲೇಯರನ್ನ ಓವರ್‌ಲೇಗೆ ಹಾಕಿ, ಒಂದೊಂದೇ ಚಾಚಿನ ಅಡಿ ಕಪ್ಪಾಗಿಸಿ, ಮೇಲ್ಮೈ ಬೆಳಗಿಸುತ್ತಾ ಹೋದೆ. ಮಣಿಕಟ್ಟು ಊದಿಕೊಂಡು ಡಾಕ್ಟರ್ ಹತ್ರ ಹೋಗಬೇಕಾಯ್ತು. ಫೀಸು, ಪಟ್ಟಿ ಸೇರಿ 900. ಆದರೂ ಅದೊಂದೇ ದಾರಿ.

ಗುಡ್ಡದ ಗಾಳಿ: ಕೆಳಗೆ ಬಿಳಿ ಮೋಡ ಇದ್ರೆ ಅದರ ಬೆಳಕು ಅಡಿಗೆ ಹೊಡೆಯಲ್ವಾ? ಮತ್ಯಾಕೆ ಇಷ್ಟು ಒದ್ದಾಟ?

ಬಂಡೆಪ್ರಿಯ: ಹೊಡೆಯತ್ತೆ, ಆದರೆ ಮೆತ್ತಗೆ, ಅಡಿಯ ಉದ್ದಕ್ಕೂ. ಚೂಪು ಬಿಸಿಲಿನ ಗೆರೆ ಕೆಳಗಿಂದ ಬರಲ್ಲ. ನಿಮ್ಮ ವಾಲ್‌ಪೇಪರನ್ನ ದೊಡ್ಡದು ಮಾಡಿ ನೋಡಿ, ಆಮೇಲೆ ಮಾತಾಡೋಣ.

ಗುಡ್ಡದ ಗಾಳಿ: ನೋಡೋರು ಯಾರೂ ಬಂಡೆಯ ಗೆರೆ ಎಣಿಸಲ್ಲ ಸ್ವಾಮಿ.

ಧಾರವಾಡದಾಕಿ: ಫೋನಿನಾಗ ಎಲ್ಲಾ ಚಂದನ ಕಾಣ್ತದ, ಪ್ರಿಂಟ್ ಹಾಕ್ಸಿ ನೋಡ್ರಿ. 24×36 ಇಂಚಿನ ಕ್ಯಾನ್ವಾಸ್ 3,400, ಚೌಕಟ್ಟು 1,850, ಪಾರ್ಸೆಲ್ 420. ಬಿಚ್ಚಿದ್ರ ಆಕಾಶದ ತುಂಬ ಪಟ್ಟಿ ಪಟ್ಟಿ! ಅಂಗಡಿಯವ ಫೈಲೇ ಹಂಗ ಅದ ಅಂದ. ಒಂದು ಫೋನ್ ಮಾಡಿ ಮೊದಲ ಹೇಳಬಾರದಿತ್ತೇನು? 8 ಬಿಟ್‌ನಾಗ ಮಸುಕು ಆಕಾಶದ ಕರ್ವ್ಸ್ ಎಳದ್ರ ಹಂಗ ಆಗ್ತದ. ಈಗ 16 ಬಿಟ್‌ನಾಗ ಮಾಡ್ತೀನಿ, ಕಡೀಕ ಎಲ್ಲಾದರ ಮ್ಯಾಲ ಸಣ್ಣಗ ನಾಯ್ಸ್ ಹಾಕ್ತೀನಿ. ಪಟ್ಟಿನೂ ಒಡೀತಾವ, ಬ್ಯಾರೆ ಬ್ಯಾರೆ ಕ್ಯಾಮೆರಾದ ಫೋಟೊ ಒಂದ ಕ್ಯಾಮೆರಾದ್ದು ಅನಸ್ತಾವ.

ಕುಮಟಾ ಭಟ್ರ ಮನೆ: ಯಾಣದಲ್ಲಿ ಬೇರೆ ಬಂಡೆಯೇ ಇಲ್ವಾ? 120 ಮೀಟರಿನ ಭೈರವೇಶ್ವರ ಶಿಖರದ ಬುಡದಲ್ಲಿ ದೇವರಿದ್ದಾನೆ. ಅದನ್ನ ತಲೆಕೆಳಗೆ ನಿಲ್ಲಿಸೋಕೆ ಮನಸ್ಸು ಹೇಗೆ ಬರತ್ತೆ?

ಬಂಡೆಪ್ರಿಯ: ನಾನು ಬಳಸಿದ್ದು ಮೋಹಿನಿ ಶಿಖರ. ಅದರ ಮೇಲ್ತುದಿ ಮಾತ್ರ.

ಕುಮಟಾ ಭಟ್ರ ಮನೆ: ಮೋಹಿನಿಯಾದ್ರೆ ಆಗಬಹುದಾ? ಇದೇನು ಉತ್ತರ?

ದಿಗಂತ ಗೆರೆ: ದೇವರ ವಿಷಯ ಬೇರೆ ಕಡೆ ಮಾತಾಡಿ. ನನ್ನ ದ್ವೀಪ ಹಾಳಾಗಿದ್ದು ಬೆಳಕಿಂದಲ್ಲ, ಕಣ್ಣಿನ ಎತ್ತರದಿಂದ. ಹುಲ್ಲಿನ ಹರವು ಕಾಣ್ತಿದೆ ಅಂದ್ರೆ ನಾವು ಅದಕ್ಕಿಂತ ಎತ್ತರದಲ್ಲಿದ್ದೀವಿ ಅಂತ. ಹಾಗಿದ್ರೆ ಹುಲ್ಲು ಹಿನ್ನೆಲೆ ಚಿತ್ರದ ದಿಗಂತಕ್ಕಿಂತ ಕೆಳಗೇ ಇರಬೇಕು. ನಾನದನ್ನ ಆಕಾಶದ ನೆತ್ತಿಗೆ ಏರಿಸಿದ್ದೆ, ಎಡಿಟಿಂಗ್ ಆಪ್‌ಗೆ ಮೂರು ತಿಂಗಳ ಚಂದಾ 5,000 ಹತ್ತಿರ ಹೋದ ಮೇಲೆ ಗೆಳೆಯನೊಬ್ಬ ಗುರುತಿಸಿದ. ಎತ್ತರದಲ್ಲೇ ತೇಲಬೇಕಂದ್ರೆ ನೆಲಕ್ಕೆ ಒರಗಿ ತೆಗೆದ ಹುಲ್ಲು ಬೇಕು, ಅಂಚು ಮಾತ್ರ ಕಾಣೋದು. ಹರವು ಬಿಡೋಕೆ ಮನಸ್ಸಿಲ್ಲದೆ ಹಿನ್ನೆಲೆ ಬದಲಿಸಿದೆ: ಬೆಟ್ಟದ ಮೇಲಿಂದ ತೆಗೆದ ಮೋಡದ ಕಡಲು, ಅದರ ಗೆರೆಯ ಕೆಳಗೆ ದ್ವೀಪ.

ಧಾರವಾಡದಾಕಿ: ಚಂದಾ ಯಾಕ ಕೊಟ್ರಿ? ಜಿಂಪ್ ಪುಕ್ಕಟೆ ಅದ, ಕರ್ವ್ಸ್‌ನೂ ಅದ, ಮಾಸ್ಕೂ ಅದ.

ದಿಗಂತ ಗೆರೆ: ಜಿಂಪ್ ಹಳೆಯ ಆವೃತ್ತಿಯಲ್ಲಿ ಕರ್ವ್ಸ್ ಹಾಕಿದ್ರೆ ಲೇಯರ್‌ನಲ್ಲೇ ಅಚ್ಚಾಗಿ ಕೂತುಬಿಡ್ತಿತ್ತು, ನಾಳೆ ಬಿಚ್ಚಿ ತಿದ್ದೋಕಾಗ್ತಿರಲಿಲ್ಲ.

ಧಾರವಾಡದಾಕಿ: 2025ರಾಗ ಬಂದ 3.0 ಹಾಕ್ಕೊಳ್ರಿ, ಫಿಲ್ಟರ್ ಬಿಚ್ಚಿ ತಿದ್ದಲಿಕ್ಕೆ ಬರ್ತದ.

ಗುಡ್ಡದ ಗಾಳಿ: ಅಡಿಯ ತುದಿಗೆ ಮಂಜು ಬಳಿಯೋದು ತಪ್ಪಾ ಸರಿಯಾ, ಅದನ್ನ ಯಾರೂ ಹೇಳಲಿಲ್ಲ.

ಬಂಡೆಪ್ರಿಯ: ತುದಿ ಮೋಡದೊಳಗೆ ಅದ್ದಿದ್ರೆ ಸರಿ. ಬಯಲಲ್ಲಿ ನೇತಾಡ್ತಿದ್ರೆ ತುದಿಗೂ ಹುಲ್ಲಿಗೂ ನಮ್ಮಿಂದ ಹೆಚ್ಚುಕಮ್ಮಿ ಒಂದೇ ದೂರ, ತುದಿ ಮಾತ್ರ ಮಸುಕಾಗೋಕೆ ಕಾರಣ ಇಲ್ಲ.

ಗುಡ್ಡದ ಗಾಳಿ: ನಾನು ಒಪ್ಪಲ್ಲ. ಮಂಜು ತೆಗೆದರೆ ಅದು ತೇಲಲ್ಲ, ಬೀಳ್ತಿರೋ ಹಾಗೆ ಕಾಣತ್ತೆ.