‘ಸ್ಪೆಷಲ್ ಲೀವ್’ ಅರ್ಜಿಗೆ ಕನ್ನಡದಲ್ಲಿ ಏನನ್ನೋಣ? ಅದು ವಜಾ ಆದರೆ ಶಿಕ್ಷೆ ‘ಎತ್ತಿಹಿಡಿದ’ ಹಾಗೆಯೇ?

ಎಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡಿನಲ್ಲಿ ಒಂದು ಕನ್ನಡ ಪತ್ರಿಕೆಗೆ ಮಲಯಾಳದ ಸುದ್ದಿಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಹೋದ ವಾರ ಒಂದು ಹೊಡೆದಾಟದ ಕೇಸಿನ ಸುದ್ದಿ ಬಂತು. ಸೆಷನ್ಸ್ ಕೋರ್ಟು 7 ವರ್ಷ ಶಿಕ್ಷೆ ಕೊಟ್ಟಿತ್ತು, ಎರ್ನಾಕುಳಂ ಹೈಕೋರ್ಟು ಅದನ್ನು ಹಾಗೆಯೇ ಉಳಿಸಿತು, ಆಮೇಲೆ ಆರೋಪಿ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ‘ಪ್ರತ್ಯೇಕಾನುಮತಿ ಹರ್ಜಿ ತಳ್ಳಿ’ ಅಂತ ಮಲಯಾಳದಲ್ಲಿತ್ತು. ನಾನು ‘ಪ್ರತ್ಯೇಕ ಅನುಮತಿ ಅರ್ಜಿ ವಜಾ, ಶಿಕ್ಷೆ ಎತ್ತಿಹಿಡಿದ ಸುಪ್ರೀಂ ಕೋರ್ಟ್’ ಅಂತ ತಲೆಬರಹ ಕೊಟ್ಟೆ.

ಮರುದಿನ ಶಿಕ್ಷೆಯಾದವರ ಅಣ್ಣ ಫೋನ್ ಮಾಡಿದರು. “ಅಲ್ಲಿ ಕೇಸನ್ನೇ ಕೇಳಲಿಲ್ಲ, ಒಂದೇ ಸಾಲಿನ ಆರ್ಡರ್ ಬಂದಿದೆ. ಎತ್ತಿಹಿಡಿದರು ಅಂತ ನೀವು ಯಾಕೆ ಬರೆದಿರಿ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದರ ಮೇಲೆ ರಿವ್ಯೂ ಹಾಕುತ್ತಾರಂತೆ, ಅದನ್ನೂ ನಾಳೆ ಬರೆಯಬೇಕಾಗುತ್ತದೆ.

ಮಲಯಾಳದ ‘ಪ್ರತ್ಯೇಕ’ ಅಂದರೆ ನಮ್ಮ ‘ವಿಶೇಷ’. ನಮಗೆ ಪ್ರತ್ಯೇಕ ಅಂದರೆ ಬೇರೆ ಬೇರೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಕೆಲವು ಕಡೆ ‘ವಿಶೇಷ ರಜೆ ಅರ್ಜಿ’ ಅಂತಲೂ ಕಂಡಿದ್ದೇನೆ, ಅದಂತೂ ಅರ್ಥವನ್ನೇ ಕೆಡಿಸುತ್ತದೆ. ಸರಿಯಾದ ಪದ ಯಾವುದು? ‘ತಳ್ಳಿ’ ಅನ್ನುವುದನ್ನು ಹೇಗೆ ಹೇಳಬೇಕು?

ಪೆರ್ಲದಿಂದ, ನಿವೃತ್ತ ಮಾಸ್ಟ್ರು

‘ವಿಶೇಷ ಅನುಮತಿ ಅರ್ಜಿ’ ಅಂತ ಬರೆಯಿರಿ, ಅದರಲ್ಲಿ ಗೊಂದಲ ಇಲ್ಲ. ನಿಮಗೆ ಫೋನ್ ಮಾಡಿದವರು ಹೇಳಿದ್ದೂ ಸರಿ. ಇದು ನಮ್ಮ ಕೇರಳದ್ದೇ ಕೇಸಿನಲ್ಲಿ ತೀರ್ಮಾನ ಆದ ವಿಷಯ. 2000ದಲ್ಲಿ ಕುಂಞಯಮ್ಮದ್ ವಿರುದ್ಧ ಕೇರಳ ಸರಕಾರ ಅಂತ ಒಂದು ತೀರ್ಪು ಬಂತು. ಕಾರಣ ಕೊಡದೆ ಅನುಮತಿ ನಿರಾಕರಿಸಿದರೆ, ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಿನೊಳಗೆ ಕರಗುವುದಿಲ್ಲ ಅಂತ ಅದರಲ್ಲಿ ಹೇಳಿದ್ದಾರೆ. ಅದು ಹೈಕೋರ್ಟಿನ ತೀರ್ಪಾಗಿಯೇ ಉಳಿಯುತ್ತದೆ. ಹಾಗಾಗಿ ಆ ಮನೆಯವರು ಎರ್ನಾಕುಳಂನಲ್ಲೇ ರಿವ್ಯೂ ಹಾಕಬಹುದು, ಡೆಲ್ಲಿಗೆ ಓಡುವುದು ಬೇಡ. ಅವರಿಗೆ ಹೇಳಿ.

ಬದಿಯಡ್ಕದಿಂದ, ಕೃಷಿಕರು

ಮಾಸ್ಟ್ರು ಹೇಳಿದ್ದು ಹೌದು. ನಮ್ಮ ಜಾಗದ ಕೇಸಿನಲ್ಲಿ ಹೈಕೋರ್ಟಲ್ಲೇ ರಿವ್ಯೂ ಹಾಕಿದ್ದೆವು, ತಗೊಂಡರು. ಸರ್ವೆ ನಂಬರ್ ತಪ್ಪಿ ಹೋಗಿತ್ತು, ಸರಿ ಮಾಡಿ ಕೊಟ್ಟರು. ಅದರ ನಕಲು ಬೇಕಾದರೆ ಕಳಿಸುತ್ತೇನೆ. ನಮ್ಮ ಗಡಿಯ ಗೋಡೆಯ ವಿಷಯ ಮಾತ್ರ ಇನ್ನೂ ಬಾಕಿ, ಅದಕ್ಕೂ ಇದೇ ವಿಶೇಷ ಅನುಮತಿ ಬೇಕಾ?

ಮಂಜೇಶ್ವರದಿಂದ, ವಕೀಲರು

ಮಾಸ್ಟ್ರೇ, ಮೊದಲ ಅರ್ಧ ಪೂರ್ತಿ ಸರಿ. ಎರಡನೆಯ ಅರ್ಧ ಈ ಕೇಸಿಗೆ ಹೊಂದುವುದಿಲ್ಲ, ಆ ಮನೆಯವರಿಗೆ ದಯವಿಟ್ಟು ಹಾಗೆ ಹೇಳಬೇಡಿ. ಕುಂಞಯಮ್ಮದ್ ಪ್ರಕರಣ ಕಾಡು ಜಮೀನಿನದ್ದು. ಬದಿಯಡ್ಕದವರದ್ದೂ ಜಾಗದ ಕೇಸು, ಸಿವಿಲ್. ಸಿವಿಲ್‌ನಲ್ಲಿ ಹೈಕೋರ್ಟು ತನ್ನ ತೀರ್ಪನ್ನು ತಾನೇ ಮತ್ತೆ ನೋಡಬಹುದು. ಕ್ರಿಮಿನಲ್ ಕೇಸಿನಲ್ಲಿ ಒಮ್ಮೆ ತೀರ್ಪಿಗೆ ಸಹಿ ಬಿದ್ದ ಮೇಲೆ ಬರಹದ ತಪ್ಪೋ ಲೆಕ್ಕದ ತಪ್ಪೋ ಬಿಟ್ಟು ಏನನ್ನೂ ಬದಲಿಸುವಂತಿಲ್ಲ. ಹಳೆ ದಂಡ ಪ್ರಕ್ರಿಯಾ ಸಂಹಿತೆಯ 362ನೇ ಕಲಮು ಹಾಗೆ ಹೇಳುತ್ತಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 403 ಆಗಿದೆ. ಎರ್ನಾಕುಳಂಗೆ ಹೋದರೆ ಅರ್ಜಿ ಅಲ್ಲಿ ನಿಲ್ಲುವುದಿಲ್ಲ, ಜೊತೆಗೆ ಡೆಲ್ಲಿಯಲ್ಲಿರುವ 30 ದಿನದ ಗಡುವು ಸುಮ್ನೆ ಕಳೆದುಹೋಗುತ್ತದೆ.

ಈಗ ಪದಕ್ಕೆ ಬರುತ್ತೇನೆ. ಇಲ್ಲಿ ‘ಲೀವ್’ ಅಂದರೆ ಒಳಗೆ ಬರಲು ಕೊಡುವ ಅಪ್ಪಣೆ. ಸಂವಿಧಾನದ 136ನೇ ಅನುಚ್ಛೇದದ ಅಡಿಯಲ್ಲಿ ಮೊದಲು ಕೇಳುವುದು “ನನಗೆ ಮೇಲ್ಮನವಿ ಹಾಕಲು ಬಿಡಿ” ಅಂತ. ಬಿಟ್ಟರೆ ಆ ಅರ್ಜಿಯೇ ಮೇಲ್ಮನವಿ ಆಗುತ್ತದೆ, ಅದಕ್ಕೆ ಕ್ರಿಮಿನಲ್ ಅಪೀಲಿನ ಹೊಸ ನಂಬರ್ ಬೀಳುತ್ತದೆ. ಬಿಡದಿದ್ದರೆ ಮೇಲ್ಮನವಿ ಹುಟ್ಟುವುದೇ ಇಲ್ಲ. ಹುಟ್ಟದ ಮೇಲ್ಮನವಿಯಲ್ಲಿ ಶಿಕ್ಷೆ ಎತ್ತಿಹಿಡಿಯುವುದು ಹೇಗೆ? ‘ಎತ್ತಿಹಿಡಿದ’ ಅನ್ನುವ ಮಾತು ಹೈಕೋರ್ಟಿಗೆ ಸಲ್ಲುತ್ತದೆ, ಯಾಕೆಂದರೆ ಅಲ್ಲಿ ಸಾಕ್ಷಿಗಳನ್ನು ನೋಡಿ ತೀರ್ಪು ಕೊಟ್ಟಿದ್ದಾರೆ. ಸುಪ್ರೀಂ ಕೋರ್ಟು ಅನುಮತಿ ಕೊಟ್ಟು, ಮೇಲ್ಮನವಿ ಕೇಳಿ, ಆಮೇಲೆ ವಜಾ ಮಾಡಿದರೆ ಆಗ ನೀವು ಧೈರ್ಯವಾಗಿ ಎತ್ತಿಹಿಡಿದ ಅಂತ ಬರೆಯಬಹುದು. ಆರ್ಡರಿನಲ್ಲಿ ಯಾವ ನಂಬರ್ ಇದೆ ಅಂತ ನೋಡಿದರೆ ಇದು ಗೊತ್ತಾಗುತ್ತದೆ. ಎಸ್‌ಎಲ್‌ಪಿ ಅಂದರೆ ವಿಶೇಷ ಅನುಮತಿ ಅರ್ಜಿಯ ನಂಬರ್ ಮಾತ್ರ ಇದ್ದರೆ ಬಾಗಿಲಲ್ಲೇ ನಿಂತದ್ದು.

ಆದರೆ ಜೈಲಿನಲ್ಲಿರುವವರಿಗೆ ಫಲ ಒಂದೇ, 7 ವರ್ಷ ಹಾಗೆಯೇ ನಿಲ್ಲುತ್ತದೆ. ಅದನ್ನೂ ಓದುಗರಿಗೆ ಹೇಳಬೇಕಲ್ವಾ? ‘ಮೇಲ್ಮನವಿಗೆ ಅನುಮತಿ ಇಲ್ಲ, ಹೈಕೋರ್ಟ್ ಶಿಕ್ಷೆ ಜಾರಿಯಲ್ಲಿ’ ಅಂದರೆ ಎರಡೂ ಬರುತ್ತದೆ.

ಕುಂಬಳೆಯಿಂದ, ಅನುವಾದಕಿ

ವಕೀಲರೇ, ರಿವ್ಯೂಗೆ ಏನು ಹೇಳೋಣ? ಮಲಯಾಳದಲ್ಲಿ ‘ಪುನಃಪರಿಶೋಧನಾ ಹರ್ಜಿ’. ಅದನ್ನು ಹಾಗೆಯೇ ಎತ್ತಿದರೆ ನಮಗೆ ಲೆಕ್ಕಪರಿಶೋಧನೆ ನೆನಪಾಗುತ್ತದೆ. ‘ಪುನರ್ವಿಮರ್ಶೆ’ ಅಂದರೆ ಪುಸ್ತಕದ ವಿಮರ್ಶೆ. ಎಲ್ಲರೂ ಬರೆಯುವುದು ‘ಮರುಪರಿಶೀಲನೆ’. ನನಗೆ ಅದೇ ಸರಿ ಅನಿಸುತ್ತದೆ.

ಮಂಜೇಶ್ವರದಿಂದ, ವಕೀಲರು

ಬಳಕೆಯಲ್ಲಿ ಇರುವುದು ಅದೇ, ಬರೆಯಿರಿ. ನನಗೆ ಮಾತ್ರ ಆ ಪದದ ಬಗ್ಗೆ ಬೇಸರ ಇದೆ. ಮರುಪರಿಶೀಲನೆ ಅಂದ ಕೂಡಲೇ ಮನೆಯವರು ಕೇಸು ಮೊದಲಿನಿಂದ ನಡೆಯುತ್ತದೆ ಅಂತ ತಿಳಿಯುತ್ತಾರೆ. ನನ್ನ ಆಫೀಸಿಗೆ ಬಂದ ಒಬ್ಬ ತಾಯಿ ಹೊಸ ಸಾಕ್ಷಿಯನ್ನು ಕರೆದುಕೊಂಡೇ ಬಂದಿದ್ದರು. ಅವರಿಗೆ ವಿಷಯ ತಿಳಿಸುವುದು ತುಂಬಾ ಕಷ್ಟವಾಯಿತು.

ನಿಜವಾಗಿ ನಡೆಯುವುದು ಇಷ್ಟು. ಆರ್ಡರ್ ಆದ 30 ದಿನದೊಳಗೆ ಅರ್ಜಿ ಹೋಗಬೇಕು. ಆದಷ್ಟು ಮಟ್ಟಿಗೆ ಅದೇ ನ್ಯಾಯಾಧೀಶರ ಮುಂದೆಯೇ ಕಾಗದ ಹೋಗುತ್ತದೆ. ಅವರು ತಮ್ಮ ಚೇಂಬರಿನಲ್ಲಿ ಓದುತ್ತಾರೆ, ಸಾಮಾನ್ಯವಾಗಿ ವಕೀಲರ ವಾದ ಇರುವುದಿಲ್ಲ. ಮರಣದಂಡನೆಯ ಕೇಸುಗಳಲ್ಲಿ ಮಾತ್ರ 2014ರ ಮಹಮ್ಮದ್ ಆರಿಫ್ ತೀರ್ಪಿನ ನಂತರ ತೆರೆದ ಕೋರ್ಟಿನಲ್ಲಿ ವಾದ ಕೇಳುತ್ತಾರೆ. ಕ್ರಿಮಿನಲ್ ಕೇಸಿನಲ್ಲಿ ದಾಖಲೆ ನೋಡಿದ ಕೂಡಲೇ ಕಣ್ಣಿಗೆ ಬೀಳುವ ತಪ್ಪು ಬೇಕು. ಉದಾಹರಣೆಗೆ, ಕಾನೂನಿನಲ್ಲಿ ಹೆಚ್ಚೆಂದರೆ 7 ವರ್ಷ ಇರುವ ಅಪರಾಧಕ್ಕೆ 10 ವರ್ಷ ಶಿಕ್ಷೆ ಕೊಟ್ಟು, ಅದು ಯಾರ ಕಣ್ಣಿಗೂ ಬೀಳದೆ ಉಳಿದಿದ್ದರೆ ಅದು ಅಂಥ ತಪ್ಪು. “ಆ ಸಾಕ್ಷಿಯನ್ನು ನಂಬಬಾರದಿತ್ತು” ಅನ್ನುವುದು ಅಂಥ ತಪ್ಪಲ್ಲ, ಅದನ್ನು ತೋರಿಸಲು ಅರ್ಧ ದಿನ ವಾದ ಮಾಡಬೇಕಾಗುತ್ತದೆ. ರಿವ್ಯೂ ಒಮ್ಮೆ ವಜಾ ಆದರೆ ಎರಡನೆಯ ರಿವ್ಯೂ ಇಲ್ಲ. ನನಗೆ ‘ಮರುನೋಟ’ ಅನ್ನುವ ಪದ ಇಷ್ಟ. ಒಮ್ಮೆ ತಿರುಗಿ ನೋಡುವುದು, ಅಷ್ಟೇ.

ಬದಿಯಡ್ಕದವರೇ, ನಿಮ್ಮ ಗೋಡೆ ಯಾವ ಕೋರ್ಟಿನಲ್ಲಿ ಬಾಕಿ ಇದೆ ಅಂತ ತಿಳಿಸಿ. ಕೆಳಗಿನ ಕೋರ್ಟಿನಲ್ಲಿದ್ದರೆ ಇದು ಯಾವುದೂ ಬೇಡ.

ಕುಂಬಳೆಯಿಂದ, ಅನುವಾದಕಿ

‘ಮರುನೋಟ’ ಚೆಂದ ಇದೆ. ಆದರೆ ಕೋರ್ಟ್ ಸುದ್ದಿಯಲ್ಲಿ ಅದು ತೀರಾ ಹಗುರ ಅಲ್ವಾ? ಓದುವವರಿಗೆ ಯಾವ ಅರ್ಜಿ ಅಂತ ಗೊತ್ತಾಗದೆ ಹೋದರೆ? ನಾನು ಮರುಪರಿಶೀಲನೆಯನ್ನೇ ಬರೆಯುತ್ತೇನೆ, ಪಕ್ಕದಲ್ಲಿ ಒಂದು ಸಾಲು ವಿವರಣೆ ಹಾಕುತ್ತೇನೆ.

ಪೆರ್ಲದಿಂದ, ನಿವೃತ್ತ ಮಾಸ್ಟ್ರು

ಸಿವಿಲ್, ಕ್ರಿಮಿನಲ್ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ತಿದ್ದಿದ್ದಕ್ಕೆ ಉಪಕಾರ ವಕೀಲರೇ. ಆದರೆ ‘ಮರುನೋಟ’ದ ಪರ ನಾನಿದ್ದೇನೆ.

ಕಾಸರಗೋಡಿನಿಂದ, ಪ್ರಶ್ನೆ ಕೇಳಿದವನು

ಆರ್ಡರ್ ತರಿಸಿ ನೋಡಿದೆ. ಎಸ್‌ಎಲ್‌ಪಿ ನಂಬರ್ ಮಾತ್ರ ಇದೆ. ನಾಳೆ ‘ಮೇಲ್ಮನವಿಗೆ ಅನುಮತಿ ಇಲ್ಲ’ ಅಂತ ತಿದ್ದುಪಡಿ ಹಾಕುತ್ತೇವೆ. ಆ ಅಣ್ಣನಿಗೂ ಫೋನ್ ಮಾಡಿದೆ. ಅವರಿಗೂ ಯಾರೋ ಎರ್ನಾಕುಳಂನಲ್ಲೇ ರಿವ್ಯೂ ಹಾಕಿ ಅಂದಿದ್ದರಂತೆ. ಆರ್ಡರ್ ಆಗಿ ಇವತ್ತಿಗೆ 11 ದಿನ, ಇನ್ನು 19 ದಿನ ಉಳಿದಿದೆ ಅಂತ ಹೇಳಿದ್ದೇನೆ.