30 ದಿನ ಸಿಗಬೇಕಿದ್ದ ರೆಕಾರ್ಡಿಂಗ್ 26ಕ್ಕೇ ನಿಲ್ಲುತ್ತಿದೆ

ಪ್ರಶ್ನೆ: 12 ಕ್ಯಾಮೆರಾ ಇವೆ. ಎಲ್ಲವೂ 4096 ಕೆಬಿಪಿಎಸ್, ಸಿಬಿಆರ್, ದಿನವಿಡೀ ರೆಕಾರ್ಡಿಂಗ್. ಎನ್‌ವಿಆರ್‌ನಲ್ಲಿ 8 ಟಿಬಿಯ ಎರಡು ಡ್ರೈವ್. ಕ್ಯಾಮೆರಾಗೆ 4 ಎಂಬಿಪಿಎಸ್ ಅಂತ ಹಿಡಿದರೆ 30 ದಿನಕ್ಕೆ 15.5 ಟಿಬಿ ಬರುತ್ತದೆ, ಸಾಕಾಗಬೇಕಿತ್ತು. ಆದರೆ 26 ದಿನಕ್ಕಿಂತ ಹಳೆಯದು ಇಲ್ಲ. ಮೂರನೇ ಡ್ರೈವ್ ಹಾಕಿ ರೈಡ್ 5 ಮಾಡಿದರೆ ಸರಿಹೋಗುತ್ತಾ?

ಸದಸ್ಯರೊಬ್ಬರು: ಡ್ರೈವ್ ಮೇಲೆ 8 ಟಿಬಿ ಅಂತಿದ್ದರೂ ಎನ್‌ವಿಆರ್ ತೋರಿಸೋದು 7452 ಜಿಬಿ. ಎರಡಕ್ಕೂ ಸೇರಿ ಒಂದು ಟಿಬಿಗಿಂತ ಜಾಸ್ತಿ ಹೋಯ್ತಲ್ಲ. ಕೊರತೆ ಅಲ್ಲೇ ಇದೆ.

ಇನ್ನೊಬ್ಬರು: ನಮ್ಮ ಗೋದಾಮಿನಲ್ಲಿ ಯಾರಾದರೂ ಓಡಾಡಿದಾಗ ಮಾತ್ರ ರೆಕಾರ್ಡ್ ಆಗುತ್ತದೆ. ಒಂದೇ ಡ್ರೈವ್‌ನಲ್ಲಿ ಎರಡು ತಿಂಗಳು ಸಿಗುತ್ತಿದೆ. ನೀವೂ ಹಾಗೇ ಇಡಿ.

ಉತ್ತರ (ಸಿಸಿಟಿವಿ ಕೆಲಸ ಮಾಡುವವರು): 7452 ಅಂತ ಕಾಣುವುದು ನಿಜ. ಆದರೆ ಜಾಗ ಎಲ್ಲೂ ಹೋಗಿಲ್ಲ, ಎನ್‌ವಿಆರ್ ಅದನ್ನು 1024ರ ಲೆಕ್ಕದಲ್ಲಿ ತೋರಿಸುತ್ತಿದೆ ಅಷ್ಟೇ. ಬಿಟ್‌ರೇಟನ್ನು 1000ದ ಲೆಕ್ಕದಲ್ಲಿ ಹಿಡಿದ ಮೇಲೆ ಡ್ರೈವನ್ನೂ ಹಾಗೇ ಹಿಡಿಯಬೇಕು. ಆಗ ನಿಮ್ಮ ಹತ್ತಿರ ಇರುವುದು 16 ಟಿಬಿಯೇ.

ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ `Dual-Stream` ಅಂತ ಇದೆಯಾ ನೋಡಿ. ಇದ್ದರೆ ಮೊಬೈಲ್‌ನಲ್ಲಿ ನೋಡಲು ಇರುವ ಸಬ್ ಸ್ಟ್ರೀಮ್ ಕೂಡ ಡ್ರೈವ್‌ಗೆ ಬರೆಯುತ್ತಿರುತ್ತದೆ. ಅದು 512 ಕೆಬಿಪಿಎಸ್ ಆಗಿದ್ದರೆ ಲೆಕ್ಕ ಹೀಗೆ:

```
12 × (4.096 + 0.512) = 55.3 Mbps
55.3 × 10.8 = 597 GB / day
16000 ÷ 597 = 26.8 days
```

ಒಂದು ಎಂಬಿಪಿಎಸ್ ದಿನವಿಡೀ ಹರಿದರೆ 10.8 ಜಿಬಿ. ನಿಮ್ಮ 26 ದಿನ ಇದಕ್ಕೆ ಸರಿಯಾಗಿ ಹೊಂದುತ್ತದೆ. ಬಿಟ್‌ರೇಟ್ ನಿಜವಾಗಿ ಅಷ್ಟೇ ಇದೆಯಾ ಅಂತಲೂ ಪರೀಕ್ಷಿಸಿ. ಒಂದು ಕ್ಯಾಮೆರಾದ ಒಂದು ಗಂಟೆಯ ಮುಖ್ಯ ವಿಡಿಯೊ ಡೌನ್‌ಲೋಡ್ ಮಾಡಿದರೆ ಫೈಲ್ ಸುಮಾರು 1.8 ಜಿಬಿ ಇರಬೇಕು.

ಸಬ್ ಸ್ಟ್ರೀಮ್ ಬರೆಯುವುದನ್ನು ನಿಲ್ಲಿಸಿದರೆ ಲೆಕ್ಕದಲ್ಲಿ 30.1 ದಿನ ಬರುತ್ತದೆ. ಅದನ್ನು ನಂಬಿ ಕೂರಬೇಡಿ. ಫಾರ್ಮ್ಯಾಟ್‌ಗೂ ಒಂದಿಷ್ಟು ಜಾಗ ಹೋಗುತ್ತದೆ. ಇನ್ನೊಂದು ಕ್ಯಾಮೆರಾ ಸೇರಿದರೆ ದಿನಗಳು ಸದ್ದಿಲ್ಲದೆ ಕಡಿಮೆಯಾಗುತ್ತವೆ. ಹಳೆಯದರ ಮೇಲೆ ಬರೆಯುವಾಗ ಎನ್‌ವಿಆರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಾನಾದರೆ ಶೇ. 20 ಜಾಸ್ತಿ ಇಡುತ್ತೇನೆ.

ಮೂರು ಡ್ರೈವ್‌ನ ರೈಡ್ 5ರಲ್ಲಿ ಒಂದರಷ್ಟು ಜಾಗ ಪ್ಯಾರಿಟಿಗೆ ಹೋಗುತ್ತದೆ. ಉಳಿಯುವುದು ಮತ್ತೆ 16 ಟಿಬಿ. ದಿನ ಒಂದೂ ಹೆಚ್ಚಲ್ಲ. ನಾಲ್ಕು ಹಾಕಿದರೆ 24 ಟಿಬಿ, ಈಗಿನ ಸೆಟ್ಟಿಂಗ್‌ನಲ್ಲೇ 40 ದಿನ. ಸಾಮಾನ್ಯವಾಗಿ ರೈಡ್ ಮಾಡುವಾಗ ಇರುವುದೆಲ್ಲ ಅಳಿಸಿಹೋಗುತ್ತದೆ. ಬೇಕಾದ್ದನ್ನು ಮೊದಲೇ ತೆಗೆದಿಡಿ.

ಕೇಳಿದವರು: ಹೌದು ಸರ್, `Dual-Stream` ಅಂತಲೇ ಇತ್ತು. ಆದರೆ ರೈಡ್ ಇಲ್ಲದೆ ಮೂರು ಹಾಕಿದರೂ 24 ಟಿಬಿ ಆಗುತ್ತಲ್ವಾ?

ಉತ್ತರ: ಆಗುತ್ತದೆ. ಒಂದು ಕೆಟ್ಟರೆ ಅದರಲ್ಲಿದ್ದ ರೆಕಾರ್ಡಿಂಗ್ ಮಾತ್ರ ಹೋಗುತ್ತದೆ. ಅಷ್ಟು ನಷ್ಟ ಒಪ್ಪಬಹುದಾ ಅಂತ ನೀವೇ ನಿರ್ಧರಿಸಬೇಕು.

ಮತ್ತೊಬ್ಬ ಇನ್‌ಸ್ಟಾಲರ್: ನಾನು ರೈಡ್ 5 ಬೇಡ ಅಂತೀನಿ. ಇಷ್ಟು ದೊಡ್ಡ ಡ್ರೈವ್ ಬದಲಿಸಿದರೆ ರೀಬಿಲ್ಡ್ ಆಗಲು ತುಂಬಾ ಹೊತ್ತು ಬೇಕು. ಆ ಹೊತ್ತಿನಲ್ಲಿ ಎರಡನೆಯದೂ ಕೆಟ್ಟರೆ ಎಲ್ಲಾ ಹೋಗುತ್ತದೆ.